ಒಂದೇ ಬೋರ್‌ವೆಲ್, ಅಡಿಕೆ, ಈರುಳ್ಳಿ, ಶೇಂಗಾ: ಡ್ರಿಪ್ ಯಾವುದಕ್ಕೆ, ತುಂತುರು ಯಾವುದಕ್ಕೆ, ಹಾಯಿನೀರು ಯಾವುದಕ್ಕೆ?

ಹೊಳಲ್ಕೆರೆ ತೋಟ

ಎಲ್ಲರಿಗೂ ನಮಸ್ಕಾರ. ಹೊಳಲ್ಕೆರೆ ತಾಲ್ಲೂಕಿನಲ್ಲಿ ನಮ್ಮ ಜಮೀನು ನಾಲ್ಕೂವರೆ ಎಕರೆ. ಎರಡು ಎಕರೆಯಲ್ಲಿ ಅಡಿಕೆ ಇದೆ, ಸುಮಾರು 1,100 ಮರ, ಫಸಲು ಈಗ ಶುರುವಾಗಿದೆ. ಉಳಿದದ್ದರಲ್ಲಿ ಒಂದು ಎಕರೆ ಈರುಳ್ಳಿ, ಒಂದೂವರೆ ಎಕರೆ ಬೇಸಿಗೆ ಶೇಂಗಾ ಹಾಕಬೇಕೆಂದಿದ್ದೇನೆ. ಇರುವುದು ಒಂದೇ ಬೋರ್‌ವೆಲ್. ಮರಳು ಮಿಶ್ರಿತ ಕೆಂಪು ಮಣ್ಣು. ಅಡಿಕೆಯಲ್ಲಿ ಒಂದು ಎಕರೆಗೆ ಹಳೆಯ ಡ್ರಿಪ್ ಇದೆ, ಮರಕ್ಕೆ ಎರಡು ಡ್ರಿಪ್ಪರ್. ಇನ್ನೊಂದು ಎಕರೆಗೆ ಪಾತಿಯಲ್ಲಿ ಹಾಯಿಸುತ್ತೇವೆ. ಡ್ರಿಪ್ ಇರುವ ಎಕರೆಯಲ್ಲೇ ಕೊನೆಯ ಸಾಲುಗಳ ಮರ ಹಳದಿಯಾಗುತ್ತಿವೆ. ಹೀಗಾದರೆ ಎಲ್ಲಕ್ಕೂ ಡ್ರಿಪ್ ಮಾಡುವುದೋ, ಶೇಂಗಾಕ್ಕೆ ತುಂತುರು ತರುವುದೋ, ಹಾಯಿಸುವುದನ್ನೇ ಮುಂದುವರಿಸುವುದೋ ತಿಳಿಯುತ್ತಿಲ್ಲ. ಕಳೆದ ಮಾರ್ಚ್‌ನಲ್ಲಿ ನೀರು ಸಾಲದೆ ಮರಗಳು ಸೊರಗಿದವು. ಈ ಸಲ ಹಾಗಾಗಬಾರದು.

ಭರಮಸಾಗರ ಯುವರೈತ

ಅಣ್ಣ, ಎರಡನೇ ಮಾತೇ ಬೇಡ, ಎಲ್ಲಕ್ಕೂ ಡ್ರಿಪ್ ಹಾಕಿಸಿ. ಡ್ರಿಪ್‌ನಲ್ಲಿ ಅರ್ಧ ನೀರು ಉಳಿಯುತ್ತದೆ. ಹಾಯಿನೀರಿನಲ್ಲಿ ಎರಡು ಎಕರೆಗೆ ಸಾಲುತ್ತಿದ್ದ ನೀರು ಡ್ರಿಪ್‌ನಲ್ಲಿ ನಾಲ್ಕು ಎಕರೆಗೆ ಸಾಲುತ್ತದೆ. ಲೆಕ್ಕ ಅಷ್ಟೇ.

ಜಗಳೂರು ಮೆಕ್ಕೆಜೋಳ

ಬೋರ್ ಎಷ್ಟು ಅಡಿ ಕೊರೆಸಿದ್ದೀರಿ? ನಮ್ಮ ಕಡೆ ಪಾಯಿಂಟ್ ನೋಡುವವರು ಒಬ್ಬರಿದ್ದಾರೆ. ಬೇಕಾದರೆ ಹೇಳಿ, ಇನ್ನೊಂದು ಬೋರ್ ಹಾಕಿಸಿದರೆ ಈ ತಲೆನೋವೇ ಇರುವುದಿಲ್ಲ.

ಹೊಳಲ್ಕೆರೆ ತೋಟ

ಸರ್, ನನ್ನ ಪ್ರಶ್ನೆ ಹೊಸ ಬೋರ್ ಬಗ್ಗೆ ಅಲ್ಲ. ಸುತ್ತಮುತ್ತ ಕೊರೆಸಿದವರ ಬೋರ್‌ಗಳು ಒಣಗಿ ನಿಂತಿವೆ. ಇರುವ ನೀರನ್ನು ಹೇಗೆ ಹಂಚಬೇಕು ಎಂಬುದು ನನ್ನ ಚಿಂತೆ.

ಹೊಸದುರ್ಗ ಪೈಪ್‌ಲೈನ್

ಹೊಸದುರ್ಗ, ಹೊಳಲ್ಕೆರೆ ಕಡೆ ದಾಳಿಂಬೆ ಮತ್ತು ಅಡಿಕೆ ತೋಟಗಳಿಗೆ ಡ್ರಿಪ್ ಜೋಡಿಸುವುದು ನನ್ನ ಕೆಲಸ. ಡ್ರಿಪ್ ಮಾರಿದರೆ ನನಗೆ ಲಾಭ. ಆದರೂ ಎಲ್ಲಕ್ಕೂ ಡ್ರಿಪ್ ಹಾಕಿಸಿ ಎಂದು ನಾನು ಹೇಳುವುದಿಲ್ಲ. ಮೊದಲು ನಿಮ್ಮ ಬೋರ್‌ವೆಲ್‌ನಲ್ಲಿ ಎಷ್ಟು ನೀರಿದೆ ಎಂದು ಅಳೆಯಬೇಕು. ಒಂದೂವರೆ ಇಂಚು, ಎರಡು ಇಂಚು ಎಂಬ ಲೆಕ್ಕ ಇಲ್ಲಿ ಸಾಲದು, ಲೀಟರ್ ಲೆಕ್ಕ ಬೇಕು. 200 ಲೀಟರ್ ಡ್ರಮ್ ಇಟ್ಟು ತುಂಬಲು ಎಷ್ಟು ಸೆಕೆಂಡ್ ಹಿಡಿಯುತ್ತದೆ ನೋಡಿ. ಮೋಟಾರ್ ಹಾಕಿದ ಕೂಡಲೇ ಒಮ್ಮೆ, ಎರಡು ಗಂಟೆ ಓಡಿದ ಮೇಲೆ ಇನ್ನೊಮ್ಮೆ ಅಳೆಯಿರಿ. ನಂಬಬೇಕಾದದ್ದು ಎರಡನೆಯ ಅಳತೆಯನ್ನು. ಮೊದಲ ಅರ್ಧ ಗಂಟೆಯಲ್ಲಿ ಬರುವುದು ರಾತ್ರಿ ಬೋರ್‌ನಲ್ಲಿ ಏರಿ ನಿಂತ ನೀರು, ಅದರ ಮೇಲೆ ಬೆಳೆಯ ಯೋಜನೆ ಹಾಕಬೇಡಿ.

ಹಾಗೆಯೇ ಹಳದಿಯಾದ ಸಾಲಿನಲ್ಲಿ ಡ್ರಿಪ್ಪರ್ ಕೆಳಗೆ ಪಾತ್ರೆ ಇಟ್ಟು ಸರಿಯಾಗಿ 15 ನಿಮಿಷದ ನೀರು ಹಿಡಿಯಿರಿ. ಫಿಲ್ಟರ್ ಹತ್ತಿರದ ಸಾಲಿನಲ್ಲಿ ನಾಲ್ಕು, ಕೊನೆಯ ಸಾಲಿನಲ್ಲಿ ನಾಲ್ಕು. ಗಂಟೆಗೆ 8 ಲೀಟರ್ ಡ್ರಿಪ್ಪರ್ ಆಗಿದ್ದರೆ 15 ನಿಮಿಷಕ್ಕೆ 2 ಲೀಟರ್ ಬರಬೇಕು.

ಚನ್ನಗಿರಿ ಅಡಿಕೆ

ನಾವು ತಲೆತಲಾಂತರದಿಂದ ಅಡಿಕೆಗೆ ನೀರು ಹಾಯಿಸಿಕೊಂಡೇ ಬಂದವರು. ಅಡಿಕೆಯ ಬೇರು ಸುತ್ತಲೂ ಹರಡುತ್ತದೆ. ಡ್ರಿಪ್‌ನಲ್ಲಿ ಬುಡದ ಒಂದೆರಡು ಕಡೆ ಮಾತ್ರ ತೇವವಾಗುತ್ತದೆ, ಬೇರು ಅಲ್ಲಿಗೇ ಸುತ್ತಿಕೊಂಡು ಗಾಳಿಗೆ ಮರ ಬೀಳುತ್ತದೆ. ಅದೂ ಅಲ್ಲದೆ ಹಾಯಿಸಿದ ನೀರು ಎಲ್ಲಿಗೆ ಹೋಗುತ್ತದೆ? ಭೂಮಿಗೇ ತಾನೇ. ಸೂಳೆಕೆರೆ ಕೆಳಗಿನ ನಮ್ಮ ತೆರೆದ ಬಾವಿಗಳು ತುಂಬುವುದೇ ಗದ್ದೆಯ ಬಸಿ ನೀರಿನಿಂದ. ಅದನ್ನು ನಷ್ಟ ಎಂದು ಬರೆದಿಡುವ ಲೆಕ್ಕವನ್ನು ನಾನು ಒಪ್ಪುವುದಿಲ್ಲ.

ಹೊಸದುರ್ಗ ಪೈಪ್‌ಲೈನ್

ಹಿರಿಯರೇ, ಬಸಿ ನೀರಿನ ಮಾತು ನಿಮ್ಮ ಜಾಗಕ್ಕೆ ನಿಜ. ಮೇಲೆ ಕೆರೆ, ನಾಲೆ, ಕೆಳಗೆ ಮೂವತ್ತು ನಲವತ್ತು ಅಡಿಯ ಬಾವಿ. ಇಂಗಿದ ನೀರು ಕೆಳಗಿನವರಿಗೆ ಸಿಗುತ್ತದೆ. ಆದರೆ ಇವರ ನೀರು ನೂರಾರು ಅಡಿ ಆಳದ ಕಲ್ಲಿನ ಬಿರುಕುಗಳಿಂದ ಕರೆಂಟಿನ ಬಲದಲ್ಲಿ ಮೇಲೆ ಬಂದದ್ದು. ಬೇರು ದಾಟಿ ಇಳಿದ ನೀರು ಈ ಬೇಸಿಗೆಯೊಳಗೆ ಅದೇ ಬಿರುಕಿಗೆ ವಾಪಸ್ ಬರುತ್ತದೆ ಎಂದು ನಂಬಿ ಕೂರಲಾಗದು. ಅದರ ಜೊತೆ ಕೊಟ್ಟ ಗೊಬ್ಬರವೂ ಇಳಿದುಹೋಗುತ್ತದೆ.

ಬೇರಿನ ಮಾತಿನಲ್ಲೂ ಅರ್ಧ ಒಪ್ಪುತ್ತೇನೆ. ಮರಕ್ಕೆ ಒಂದೋ ಎರಡೋ ಡ್ರಿಪ್ಪರ್ ಬುಡಕ್ಕೇ ಅಂಟಿಸಿದರೆ ನೀವು ಹೇಳಿದಂತೆಯೇ ಆಗುತ್ತದೆ. ಅದು ಜೋಡಿಸಿದವರ ತಪ್ಪು, ಡ್ರಿಪ್‌ನದಲ್ಲ.

ಮೊಳಕಾಲ್ಮೂರು ಶೇಂಗಾ

ಶೇಂಗಾದ ಬಗ್ಗೆ ನಾನು ಹೇಳುತ್ತೇನೆ, ನಮ್ಮ ಮನೆಯಲ್ಲಿ ಅದೇ ಬದುಕು. ಶೇಂಗಾಕ್ಕೆ ತುಂತುರೇ ಸರಿ. ಹೂವು ಬಿದ್ದ ಮೇಲೆ ಸೂಜಿ ಮಣ್ಣಿಗೆ ಇಳಿಯುವಾಗ ಮೇಲಿನ ಎರಡು ಮೂರು ಇಂಚು ಮಣ್ಣು ಇಡೀ ಹೊಲದಲ್ಲಿ ಮೆತ್ತಗಿರಬೇಕು. ಡ್ರಿಪ್ ಪೈಪಿನ ಪಕ್ಕ ಮಾತ್ರ ಒದ್ದೆಯಾಗಿ ನಡುವೆ ಗಟ್ಟಿಯಾದರೆ ಆ ಜಾಗದ ಸೂಜಿ ಒಣಗುತ್ತದೆ. ಕೀಳುವಾಗಲೂ ಅಷ್ಟೇ, ಹಿಂದಿನ ದಿನ ಒಂದು ತುಂತುರು ಕೊಟ್ಟರೆ ಕಾಯಿ ಮಣ್ಣಿನಲ್ಲಿ ಉಳಿಯುವುದಿಲ್ಲ. ಕಳೆ ತೆಗೆಯುವಾಗ ಡ್ರಿಪ್ ಪೈಪಿಗೆ ಕುಡುಗೋಲು ತಗಲುವ ಕಾಟವೂ ಇಲ್ಲ.

ಆದರೆ ತುಂತುರಿಗೆ ಗಾಳಿ ಶತ್ರು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಮಧ್ಯಾಹ್ನ ಹಚ್ಚಿದರೆ ಒಂದು ಬದಿಗೆ ನೀರು ಸಿಗುವುದೇ ಇಲ್ಲ, ಸಣ್ಣ ಹನಿ ಗಾಳಿಯಲ್ಲೇ ಆರಿಹೋಗುತ್ತದೆ. ನಾವು ಬೆಳಗಿನ ಜಾವ ಹಚ್ಚುತ್ತೇವೆ. ಗಾಳಿ ಹೆಚ್ಚಿರುವ ತಿಂಗಳಲ್ಲಿ ಸಾಲಿನಿಂದ ಸಾಲಿಗೆ 12 ಮೀಟರ್ ಬದಲು 9 ಮೀಟರ್‌ಗೆ ಪೈಪ್ ಸರಿಸುತ್ತೇವೆ. ಪೈಪ್ ಹೊರುವ ಕೆಲಸ ಜಾಸ್ತಿ, ಅದು ಹೆಚ್ಚಾಗಿ ಹೆಂಗಸರ ಪಾಲಿಗೇ ಬರುತ್ತದೆ. ಡ್ರಿಪ್ ಹಾಕಿದ ಮನೆಗಳಲ್ಲಿ ಆ ದುಡಿಮೆ ತಪ್ಪುತ್ತದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹೊಸದುರ್ಗ ಪೈಪ್‌ಲೈನ್

ಅಕ್ಕ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ತುಂತುರಿಗೆ ಸುಮಾರು ಎರಡರಿಂದ ಮೂರು ಕೆಜಿ ಒತ್ತಡ ಬೇಕು, ಡ್ರಿಪ್‌ಗೆ ಒಂದು ಕೆಜಿ ಸಾಕು. ಬೇಸಿಗೆಯಲ್ಲಿ ಬೋರ್‌ನ ನೀರಿನ ಮಟ್ಟ ಇಳಿದಾಗ ಒತ್ತಡವೂ ಇಳಿಯುತ್ತದೆ. ಆಗ ನಾಜಲ್‌ನ ಧಾರೆ ಒಡೆಯುವುದಿಲ್ಲ, ದಪ್ಪ ಹನಿಗಳಾಗಿ ಹೊರ ಅಂಚಿನಲ್ಲೇ ಬೀಳುತ್ತದೆ. ನೆಲದಲ್ಲಿ ಬಳೆಯ ಆಕಾರದ ಒದ್ದೆ, ನಡುವೆ ಒಣಮಣ್ಣು ಕಂಡರೆ ಒತ್ತಡ ಸಾಲದು ಎಂದರ್ಥ. ಆಗ ಒಂದು ನಾಜಲ್ ಕಡಿಮೆ ಮಾಡಿ ಓಡಿಸಬೇಕು.

ಹರಿಹರ ನಾಲೆ ಬದಿ

ನಮ್ಮದು ಭದ್ರಾ ನಾಲೆಯ ಭತ್ತ. ನಾಲೆ ಬಿಟ್ಟಾಗ ಹಾಯಿಸುತ್ತೇವೆ, ನಿಂತಾಗ ಆಕಾಶ ನೋಡುತ್ತೇವೆ. ಮೇಲ್ಭಾಗದವರು ಗದ್ದೆ ತುಂಬಿಸಿ ಬಿಟ್ಟರೆ ಕೊನೆಯ ಭಾಗದ ನಮಗೆ ತೊಟ್ಟು ನೀರೂ ಬರುವುದಿಲ್ಲ. ಭತ್ತಕ್ಕೆ ಡ್ರಿಪ್ ಹಾಕಿ ಎಂದು ಯಾರೋ ಹೇಳಿದರು. ಅದು ಸಾಧ್ಯವೇ?

ಹೊಸದುರ್ಗ ಪೈಪ್‌ಲೈನ್

ಭತ್ತಕ್ಕೆ ಡ್ರಿಪ್ ಹಾಕಿದವರಿದ್ದಾರೆ. ಆದರೆ ನಾಲೆ ನೀರು ಸರದಿಯಲ್ಲಿ ಬರುವುದರಿಂದ ಮೊದಲು ಹೊಂಡ ಬೇಕು, ಅದರಿಂದ ಪಂಪ್ ಮಾಡಬೇಕು, ಹೂಳು ಸೋಸಲು ಮರಳಿನ ಫಿಲ್ಟರ್ ಬೇಕು. ನಿಮ್ಮ ಕಪ್ಪು ಎರೆಯಲ್ಲಿ ಅಷ್ಟು ಖರ್ಚಿಗೆ ಮೊದಲು ಸುಲಭದ ದಾರಿ ಇದೆ. ರಂಧ್ರ ಕೊರೆದ ಪ್ಲಾಸ್ಟಿಕ್ ಕೊಳವೆಯನ್ನು ಗದ್ದೆಯಲ್ಲಿ ಹೂತು, ಒಳಗಿನ ನೀರು ನೆಲಮಟ್ಟಕ್ಕಿಂತ 15 ಸೆಂಟಿಮೀಟರ್ ಕೆಳಗಿಳಿಯುವವರೆಗೆ ಕಾಯ್ದು ಮತ್ತೆ ನೀರು ಕಟ್ಟುವುದು. ಹೂ ಬಿಡುವ ಸಮಯದಲ್ಲಿ ಮಾತ್ರ ಹಾಗೆ ಆರಿಸಬಾರದು. ಆದರೆ ಇದು ನೀರು ನಿಮ್ಮ ಕೈಯಲ್ಲಿದ್ದಾಗ ನಡೆಯುವ ಮಾತು.

ಹರಿಹರ ನಾಲೆ ಬದಿ

ಅಲ್ಲೇ ತೊಡಕು. ಮುಂದಿನ ನೀರು ಯಾವಾಗ ಎಂಬ ಖಾತ್ರಿ ಇಲ್ಲದವನು ಗದ್ದೆ ಆರಲು ಬಿಡುತ್ತಾನೆಯೇ? ಬಂದಾಗ ತುಂಬಿಸಿಕೊಳ್ಳುತ್ತಾನೆ. ಮೇಲ್ಭಾಗದವರು ಮಾಡುವುದೂ ಅದೇ ಭಯದಿಂದ.

ಹೊಳಲ್ಕೆರೆ ತೋಟ

ಅಳತೆ ಮಾಡಿದೆ. ಡ್ರಮ್ ಮೊದಲಿಗೆ 60 ಸೆಕೆಂಡಿಗೆ ತುಂಬಿತು, ಎರಡು ಗಂಟೆಯ ನಂತರ 100 ಸೆಕೆಂಡ್ ಹಿಡಿಯಿತು. ತ್ರೀ ಫೇಸ್ ಏಳು ಗಂಟೆ ಎನ್ನುತ್ತಾರೆ, ನಡುನಡುವೆ ಹೋಗುವುದನ್ನು ಕಳೆದರೆ ಆರು ಗಂಟೆ ಸಿಗುತ್ತದೆ.

ಡ್ರಿಪ್ಪರ್ 8 ಲೀಟರಿನವು. ಫಿಲ್ಟರ್ ಹತ್ತಿರ ನಾಲ್ಕರಲ್ಲೂ 1,900 ಮಿಲಿ ಆಸುಪಾಸು ಬಂತು. ಕೊನೆಯ ಸಾಲಿನಲ್ಲಿ 1,700, 600, 1,650, 450. ತೂತಿನ ಸುತ್ತ ಬಿಳಿ ಹರಳು ಕಟ್ಟಿದೆ.

ಹೊಸದುರ್ಗ ಪೈಪ್‌ಲೈನ್

ಒಳ್ಳೆಯ ಅಳತೆ, ಇದರಲ್ಲೇ ಉತ್ತರ ಇದೆ. ಮೊದಲು ಹಳದಿ ಮರಗಳ ವಿಷಯ. ಸಾಲಿನ ಉದ್ದಕ್ಕೂ ನೀರು ಒಂದೇ ಸಮನೆ ಇಳಿಯುತ್ತಾ ಹೋಗಿದ್ದರೆ ಒತ್ತಡದ ತೊಂದರೆ, ಅಂದರೆ ಪೈಪ್ ತೀರಾ ಉದ್ದ ಅಥವಾ ಒಂದೇ ವಾಲ್ವ್‌ಗೆ ಮರ ಹೆಚ್ಚು. ನಿಮ್ಮಲ್ಲಿ 1,700ರ ಪಕ್ಕದಲ್ಲೇ 600 ಇದೆ. ಅಕ್ಕಪಕ್ಕದ ಡ್ರಿಪ್ಪರ್‌ಗಳಲ್ಲಿ ಹೀಗೆ ಏರುಪೇರು ಇದ್ದರೆ ಅದು ಕಟ್ಟಿಕೊಂಡಿರುವುದು. ನಮ್ಮ ಜಿಲ್ಲೆಯ ಗಡಸು ನೀರಿನಲ್ಲಿ ಸುಣ್ಣದ ಅಂಶ ಕೂರುತ್ತದೆ, ಕೊನೆಯ ಸಾಲುಗಳಲ್ಲಿ ನೀರು ನಿಧಾನವಾಗಿ ಹರಿಯುವುದರಿಂದ ಅಲ್ಲಿ ಜಾಸ್ತಿ. ಕೊನೆಯ ಮರಗಳಿಗೆ ಎರಡು ಡ್ರಿಪ್ಪರ್ ಸೇರಿ ಬೇಕಾದದ್ದರ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ನೀರು ಸಿಗುತ್ತಿದೆ. ನೀವು ಅವುಗಳಿಗಾಗಿ ಹೆಚ್ಚು ಹೊತ್ತು ಓಡಿಸಿದರೆ ಮುಂದಿನ ಮರಗಳ ನೀರು ಬೇರು ದಾಟಿ ಇಳಿಯುತ್ತದೆ. ಡ್ರಿಪ್ 90 ಶೇಕಡಾ ದಕ್ಷತೆ ಕೊಡುತ್ತದೆ ಎಂಬುದು ಎಲ್ಲ ಡ್ರಿಪ್ಪರ್‌ಗಳೂ ಸಮನಾಗಿ ಸುರಿಸುವಾಗ ಮಾತ್ರ. ಹೀಗೆ ಕಟ್ಟಿಕೊಂಡ ಡ್ರಿಪ್‌ಗಿಂತ ಚೆನ್ನಾಗಿ ಮಟ್ಟ ಮಾಡಿದ ಪಾತಿಯೇ ಮೇಲಾಗಬಹುದು.

ಪರಿಹಾರಕ್ಕೆ ಮೊದಲು ಎಲ್ಲ ಪೈಪಿನ ಕೊನೆ ಮುಚ್ಚಳ ತೆಗೆದು ನೀರು ತಿಳಿಯಾಗುವವರೆಗೆ ಹರಿಸಿ. ಆಮೇಲೆ ಆಮ್ಲ. ಒಂದು ಬಕೆಟ್ ಬೋರ್ ನೀರಿಗೆ ಹೈಡ್ರೋಕ್ಲೋರಿಕ್ ಆಮ್ಲವನ್ನು ಅಳೆದು ಸ್ವಲ್ಪಸ್ವಲ್ಪವೇ ಹಾಕಿ, ಪಿಎಚ್ ಕಾಗದದಲ್ಲಿ 4ಕ್ಕೆ ಬರಲು ಎಷ್ಟು ಬೇಕಾಯಿತು ನೋಡಿ. ಅದೇ ಪ್ರಮಾಣದಲ್ಲಿ ಪೈಪಿನೊಳಗೆ ಬಿಡಿ, ಕೊನೆಯ ಡ್ರಿಪ್ಪರ್‌ನಲ್ಲೂ ಕಾಗದ 4 ತೋರಿಸುವವರೆಗೆ. ನಿಲ್ಲಿಸಿ, ಮರುದಿನ ಚೆನ್ನಾಗಿ ತೊಳೆಯಿರಿ. ನೀರಿಗೆ ಆಮ್ಲ ಹಾಕಬೇಕೇ ಹೊರತು ಆಮ್ಲಕ್ಕೆ ನೀರು ಹಾಕಬಾರದು. ಪಾಚಿಗೆಂದು ಬ್ಲೀಚಿಂಗ್ ಪುಡಿ ಬಳಸುವವರು ಎರಡನ್ನೂ ಒಟ್ಟಿಗೆ ಎಂದಿಗೂ ಬಿಡಬಾರದು, ಹೊರಡುವ ವಿಷದ ಗಾಳಿ ಜೀವಕ್ಕೇ ಅಪಾಯ. ಕೈಗವಸು, ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಇದಾದ ಮೇಲೂ ತೆರೆಯದ ಡ್ರಿಪ್ಪರ್‌ಗಳನ್ನು ಬದಲಿಸಿ.

ಹೊಳಲ್ಕೆರೆ ತೋಟ

ಇದನ್ನು ಯಾರೂ ಹೇಳಿರಲಿಲ್ಲ. ಕಬ್ಬಿಣಾಂಶ ಕೊಟ್ಟು ನೋಡಿ ಎಂದು ಗೊಬ್ಬರದ ಅಂಗಡಿಯಲ್ಲಿ ಹೇಳಿದ್ದರು. ಸರಿ ಸರ್, ನೀರಿನ ಹಂಚಿಕೆ ಹೇಗೆ?

ಹೊಸದುರ್ಗ ಪೈಪ್‌ಲೈನ್

100 ಸೆಕೆಂಡಿಗೆ 200 ಲೀಟರ್ ಎಂದರೆ ಗಂಟೆಗೆ 7,200 ಲೀಟರ್. ಆರು ಗಂಟೆಗೆ 43,200. ನಿಮ್ಮ ಇಡೀ ದಿನದ ಸಂಪತ್ತು ಇಷ್ಟೇ.

ಅಡಿಕೆಗೆ ಬೇಸಿಗೆಯಲ್ಲಿ ಪಾತಿಯಲ್ಲಿ ಹಾಯಿಸುವುದಾದರೆ ಮರಕ್ಕೆ 175 ಲೀಟರ್, ಮೂರರಿಂದ ಐದು ದಿನಕ್ಕೊಮ್ಮೆ ಎಂದು ಶಿಫಾರಸು ಇದೆ. ನಾಲ್ಕು ದಿನಕ್ಕೊಮ್ಮೆ ಎಂದು ಹಿಡಿದರೂ 1,100 ಮರಕ್ಕೆ ದಿನಕ್ಕೆ ಸರಾಸರಿ 48,000 ಲೀಟರ್ ಆಯಿತು. ನಿಮ್ಮ ಬೋರ್ ಕೊಡುವುದಕ್ಕಿಂತ ಹೆಚ್ಚು, ಅದರ ಮೇಲೆ ಮಣ್ಣಿನ ಕಾಲುವೆಯಲ್ಲಿ ಇಂಗುವುದು ಬೇರೆ. ಹೋದ ಮಾರ್ಚ್‌ನಲ್ಲಿ ಮರ ಸೊರಗಿದ್ದರಲ್ಲಿ ಆಶ್ಚರ್ಯವಿಲ್ಲ. ಡ್ರಿಪ್‌ನಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್. 20 ಎಂದೇ ಹಿಡಿದರೆ 22,000. ಆದ್ದರಿಂದ ಎರಡೂ ಎಕರೆ ಅಡಿಕೆಗೆ ಡ್ರಿಪ್, ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಆದರೆ ಜೋಡಣೆ ಬದಲಿಸಬೇಕು. ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ ಹನಿ ಬಿದ್ದ ನೀರು ಅಗಲಕ್ಕೆ ಹೋಗುವುದಿಲ್ಲ, ನೇರ ಕೆಳಗೆ ಇಳಿಯುತ್ತದೆ. ಎರೆಮಣ್ಣಿನಲ್ಲಾದರೆ ಅಗಲವಾಗಿ ಹರಡುತ್ತದೆ. ಒಂದು ಮರದ ಬುಡದಲ್ಲಿ ನೀರು ಬಿಟ್ಟ ಮರುದಿನ ಮೂರಡಿ ಅಗೆದು ನೋಡಿ, ತೇವ ಎಲ್ಲಿಯವರೆಗೆ ಎಂದು ಕಣ್ಣಿಗೇ ಕಾಣುತ್ತದೆ. ಅಡಿಕೆಯ ನೀರು ಹೀರುವ ಬೇರು ಹೆಚ್ಚಾಗಿ ಮೇಲಿನ ಎರಡು ಅಡಿಯಲ್ಲಿ. ಹಾಗಾಗಿ 8 ಲೀಟರಿನ ಎರಡರ ಬದಲು 4 ಲೀಟರಿನ ನಾಲ್ಕು ಡ್ರಿಪ್ಪರ್, ಬುಡದಿಂದ ಎರಡು ಅಡಿ ದೂರದಲ್ಲಿ ನಾಲ್ಕು ದಿಕ್ಕಿಗೆ. ಚನ್ನಗಿರಿ ಹಿರಿಯರ ಆಕ್ಷೇಪಕ್ಕೂ ಇದೇ ಉತ್ತರ.

ಮರಕ್ಕೆ ಗಂಟೆಗೆ 16 ಲೀಟರ್ ಆದ್ದರಿಂದ ನಿಮ್ಮ ಬೋರ್ ಒಮ್ಮೆಗೆ 450 ಮರಕ್ಕಿಂತ ಹೆಚ್ಚು ತಡೆಯದು. ಮೂರು ವಾಲ್ವ್ ಮಾಡಿ, ಒಂದೊಂದಕ್ಕೆ 367 ಮರದಂತೆ. ಪ್ರತಿ ವಾಲ್ವ್ ಒಂದೂಕಾಲು ಗಂಟೆ, ಒಟ್ಟು ಮೂರೂಮುಕ್ಕಾಲು ಗಂಟೆ. ಉಳಿದ ಎರಡೂಕಾಲು ಗಂಟೆಯಲ್ಲಿ ಸಿಗುವುದು ಸುಮಾರು 16,000 ಲೀಟರ್.

ಭರಮಸಾಗರ ಯುವರೈತ

ಹಾಗಾದರೆ ಆ 16,000ದಲ್ಲಿ ಈರುಳ್ಳಿ, ಶೇಂಗಾ ಎರಡಕ್ಕೂ ಡ್ರಿಪ್ ಹಾಕಿದರೆ ಎರಡೂವರೆ ಎಕರೆ ನಡೆಯುತ್ತದಲ್ಲವೇ?

ಹೊಸದುರ್ಗ ಪೈಪ್‌ಲೈನ್

ಇಲ್ಲ ತಮ್ಮಾ. ಡ್ರಿಪ್ ಉಳಿಸುವುದು ಪೋಲಾಗುವ ನೀರನ್ನು. ಗಿಡ ಕುಡಿಯುವ ನೀರನ್ನು ಯಾವ ಪೈಪೂ ಕಡಿಮೆ ಮಾಡಲಾರದು. ಮಾರ್ಚ್ ಬಿಸಿಲಿನಲ್ಲಿ ನೆಲ ಮುಚ್ಚಿ ಬೆಳೆದ ಈರುಳ್ಳಿಯಾಗಲಿ ಶೇಂಗಾವಾಗಲಿ ದಿನಕ್ಕೆ ಸುಮಾರು 5 ಮಿಲಿಮೀಟರ್ ನೀರು ಕುಡಿಯುತ್ತದೆ ಎಂದು ಇಟ್ಟುಕೊಳ್ಳೋಣ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಎಂದರೆ 4,047 ಲೀಟರ್. ಅಲ್ಲಿಗೆ ಎಕರೆಗೆ ದಿನಕ್ಕೆ 20,000 ಲೀಟರ್ ಬೆಳೆಯ ಬಾಯಿಗೇ ಬೇಕು. ಡ್ರಿಪ್‌ನಲ್ಲಿ ಕೊಟ್ಟದ್ದರಲ್ಲಿ 90 ಶೇಕಡಾ ಬೇರಿಗೆ ಸಿಕ್ಕರೆ 16,000 ಲೀಟರಿನಲ್ಲಿ ಮುಕ್ಕಾಲು ಎಕರೆಗೂ ಸ್ವಲ್ಪ ಕಡಿಮೆ. ತುಂತುರಿನಲ್ಲಿ 75 ಶೇಕಡಾ ಸಿಕ್ಕರೆ ಅರ್ಧ ಎಕರೆ ಚಿಲ್ಲರೆ. ಮಣ್ಣಿನ ಕಾಲುವೆಯಲ್ಲಿ ಹಾಯಿಸಿ ಅರ್ಧದಷ್ಟೇ ಬೇರಿಗೆ ಸಿಕ್ಕರೆ ನಲವತ್ತು ಗುಂಟೆಯಲ್ಲಿ ಹದಿನಾರು ಗುಂಟೆ ಮಾತ್ರ.

ನೀವು ಹೇಳಿದ ಅರ್ಧ ಉಳಿತಾಯ ದೂರದೂರ ನೆಟ್ಟ ಅಡಿಕೆ, ದಾಳಿಂಬೆಗೆ ಒಪ್ಪುತ್ತದೆ. ಒತ್ತಾಗಿ ಬೆಳೆಯುವ ಬೆಳೆಗೆ ಉಳಿತಾಯ ಅಷ್ಟಿಲ್ಲ. ಉಳಿದ ನೀರನ್ನು ನಂಬಿ ಜಮೀನು ವಿಸ್ತರಿಸಿದವರ ತೋಟಗಳೇ ಏಪ್ರಿಲ್‌ನಲ್ಲಿ ಟ್ಯಾಂಕರ್ ನೀರಿಗೆ ನಿಲ್ಲುವುದನ್ನು ನಾನು ನೋಡುತ್ತಿದ್ದೇನೆ.

ಭರಮಸಾಗರ ಯುವರೈತ

ಲೆಕ್ಕ ಅರ್ಥವಾಯಿತು. ಆದರೂ ಒಂದು ಮಾತು: ಮಲ್ಚಿಂಗ್ ಹಾಳೆ ಹಾಕಿದರೆ ಮಣ್ಣಿನಿಂದ ಆರುವ ನೀರು ನಿಲ್ಲುತ್ತದೆ. ಆಗ 5 ಮಿಲಿಮೀಟರ್ ಬೇಕಾಗುವುದಿಲ್ಲ.

ಹೊಸದುರ್ಗ ಪೈಪ್‌ಲೈನ್

ಬೆಳೆ ಚಿಕ್ಕದಿರುವಾಗ ಅದು ದೊಡ್ಡ ಉಳಿತಾಯ, ಒಪ್ಪಿದೆ. ಎಲೆ ನೆಲ ಮುಚ್ಚಿದ ಮೇಲೆ ಅಷ್ಟಿಲ್ಲ. ಹಾಳೆಯ ಖರ್ಚನ್ನು ಈರುಳ್ಳಿಯ ಧಾರಣೆ ತಡೆಯುತ್ತದೆಯೇ ಎಂದು ನಾನು ಹೇಳಲಾರೆ.

ಚಳ್ಳಕೆರೆ ಈರುಳ್ಳಿ

ಈರುಳ್ಳಿಗೆ ನಾನು ಎರಡೂ ಮಾಡಿದ್ದೇನೆ. ಬೀಜ ಎರಚಿದ ಹೊಲಕ್ಕೆ ಮೊಳಕೆ ಬರುವವರೆಗೆ ತುಂತುರು ಚೆನ್ನ, ಮಣ್ಣು ಹೆಪ್ಪು ಕಟ್ಟುವುದಿಲ್ಲ. ಆದರೆ ಗಡ್ಡೆ ಕಟ್ಟುವ ಹೊತ್ತಿಗೆ ಸಂಜೆ ತುಂತುರು ಕೊಟ್ಟು ಎಲೆ ರಾತ್ರಿಯೆಲ್ಲ ಒದ್ದೆಯಿದ್ದರೆ ನೇರಳೆ ಮಚ್ಚೆ ರೋಗ ಹಿಡಿಯುತ್ತದೆ. ಸಸಿ ನಾಟಿ ಮಾಡುವುದಾದರೆ ಏರುಮಡಿ ಮಾಡಿ ಒಂದೊಂದು ಅಡಿಗೆ ಹನಿ ಬೀಳುವ ಪೈಪ್ ಎರಡು ಎಳೆಯಿರಿ. ಈರುಳ್ಳಿಯ ಬೇರು ಒಂದು ಅಡಿಯೂ ಇಳಿಯುವುದಿಲ್ಲ, ಹಾಗಾಗಿ ದಿನ ಬಿಟ್ಟು ದಿನ ಸ್ವಲ್ಪಸ್ವಲ್ಪ ಕೊಡುವುದು ಮುಖ್ಯ. ಕೀಳುವ ಹತ್ತು ಹದಿನೈದು ದಿನ ಮೊದಲೇ ನೀರು ನಿಲ್ಲಿಸಿದರೆ ಗಡ್ಡೆ ಕೊಳೆಯುವುದಿಲ್ಲ, ಆ ದಿನಗಳ ನೀರು ನಿಮ್ಮ ಅಡಿಕೆಗೂ ಸಿಗುತ್ತದೆ.

ಮೊಳಕಾಲ್ಮೂರು ಶೇಂಗಾ

ನನ್ನನ್ನು ಕೇಳಿದರೆ ಅರ್ಧ ಎಕರೆ ಶೇಂಗಾ ಮನೆಗೆ ಎಣ್ಣೆ, ದನಕ್ಕೆ ಹೊಟ್ಟು ಕೊಡುತ್ತದೆ. ಈರುಳ್ಳಿಯ ಧಾರಣೆ ನಂಬುವಂಥದ್ದಲ್ಲ.

ಚನ್ನಗಿರಿ ಅಡಿಕೆ

ನಾಲ್ಕು ಡ್ರಿಪ್ಪರ್ ಎರಡು ಅಡಿ ದೂರ ಎಂದರೆ ನೋಡಬಹುದು. ಆದರೆ ತೋಟಕ್ಕೆ ವರ್ಷಕ್ಕೆ ಒಮ್ಮೆಯಾದರೂ ಪೂರ್ತಿ ನೀರು ಹಾಯಬೇಕು ಎಂಬುದು ನನ್ನ ಅಭಿಪ್ರಾಯ. ನಿಮ್ಮ ಗಡಸು ನೀರಿನ ಉಪ್ಪು ತೇವದ ಅಂಚಿನಲ್ಲಿ ಬಿಳಿಯಾಗಿ ಕೂತಿರುವುದನ್ನು ನಾನು ಭೀಮಸಮುದ್ರದ ಕಡೆ ತೋಟಗಳಲ್ಲಿ ಕಂಡಿದ್ದೇನೆ.

ಹೊಸದುರ್ಗ ಪೈಪ್‌ಲೈನ್

ಆ ಬಿಳಿ ಅಂಚು ನಿಜ, ಹಿರಿಯರೇ. ಸಾಮಾನ್ಯವಾಗಿ ಮುಂಗಾರಿನ ಒಳ್ಳೆಯ ಮಳೆ ಅದನ್ನು ತೊಳೆಯುತ್ತದೆ. ಅಪಾಯ ಇರುವುದು ಮೊದಲ ಸಣ್ಣ ಮಳೆಯಲ್ಲಿ, ಅಂಚಿನ ಉಪ್ಪನ್ನು ಅದು ಬೇರಿನ ಕಡೆಗೇ ತಳ್ಳುತ್ತದೆ. ಅಂಥ ಹೊತ್ತಿನಲ್ಲಿ ಮಳೆ ಬಂತೆಂದು ಡ್ರಿಪ್ ನಿಲ್ಲಿಸದೆ ಓಡಿಸಬೇಕು. ಮಳೆ ಕೈಕೊಟ್ಟ ವರ್ಷ ನೀವು ಹೇಳಿದಂತೆ ಒಮ್ಮೆ ಹಾಯಿಸಬೇಕಾಗಬಹುದು, ಆದರೆ ಅಂಥ ವರ್ಷ ಆ ನೀರು ಎಲ್ಲಿಂದ ತರುವುದು ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಹೊಳಲ್ಕೆರೆ ತೋಟ

ಎಲ್ಲರ ಮಾತೂ ಬರೆದಿಟ್ಟುಕೊಂಡೆ. ಮೊದಲು ಆಮ್ಲದಿಂದ ಹಳೆಯ ಪೈಪ್ ತೊಳೆದು ಮತ್ತೆ ಅಳೆಯುತ್ತೇನೆ. ಪಾತಿಯ ಎಕರೆಗೆ ಡ್ರಿಪ್ ಅರ್ಜಿ ಹಾಕಲು ಈ ವಾರ ಇಲಾಖೆಗೆ ಹೋಗುತ್ತೇನೆ. ಒಂದೂವರೆ ಎಕರೆ ಶೇಂಗಾದ ಆಸೆ ಬಿಟ್ಟೆ. ಮುಕ್ಕಾಲು ಎಕರೆ ಈರುಳ್ಳಿಯೋ ಅರ್ಧ ಎಕರೆ ಶೇಂಗಾವೋ ಎಂಬುದನ್ನು ಮನೆಯಲ್ಲಿ ಕೂತು ತೀರ್ಮಾನಿಸಬೇಕು, ಪೈಪ್ ಹೊರುವವರು ಅವರೂ ಹೌದು. ಒಂದು ಪ್ರಶ್ನೆ ಉಳಿಯಿತು: 367 ಮರಕ್ಕೆ ಗಂಟೆಗೆ 5,900 ಲೀಟರ್ ಸಾಕು, ಬೋರ್ 7,200 ಕೊಡುತ್ತದೆ. ಉಳಿದ ನೀರನ್ನು ಏನು ಮಾಡಲಿ?

ಹೊಸದುರ್ಗ ಪೈಪ್‌ಲೈನ್

ಫಿಲ್ಟರ್‌ಗೆ ಮೊದಲು ಒಂದು ಬೈಪಾಸ್ ವಾಲ್ವ್ ಇಟ್ಟು ತೊಟ್ಟಿಗೆ ಬಿಡಿ. ಮೂರೂಮುಕ್ಕಾಲು ಗಂಟೆಗೆ ನಾಲ್ಕೂವರೆ ಐದು ಸಾವಿರ ಲೀಟರ್ ಸೇರುತ್ತದೆ. ತೊಟ್ಟಿ ಇಲ್ಲದಿದ್ದರೆ ಅದೇ ಹೊತ್ತಿಗೆ ಈರುಳ್ಳಿಯ ಕೆಲವು ಮಡಿಗಳ ವಾಲ್ವ್ ತೆರೆಯಬಹುದು. ಆದರೆ ಒತ್ತಡದ ಗಡಿಯಾರ ನೋಡಿಕೊಂಡು ತೆರೆಯಿರಿ, ಅಡಿಕೆಯ ಕೊನೆಯ ಸಾಲಿನಲ್ಲಿ ಒಂದು ಕೆಜಿಗಿಂತ ಕೆಳಗಿಳಿಯಬಾರದು. ಪೈಪ್ ತೊಳೆದ ಮೇಲೆ ಕೊನೆಯ ಸಾಲಿನ ಅದೇ ನಾಲ್ಕು ಡ್ರಿಪ್ಪರ್‌ಗಳ ಅಳತೆ ಇಲ್ಲಿ ಹಾಕಿ.